ಧನುರ್ಮಾಸ ಚಿಕ್ಕದು, ಮಿಥುನ ಮಾಸ ದೊಡ್ಡದು: ವ್ಯತ್ಯಾಸ ಎರಡು ಪಟ್ಟು ಏಕೆ?

ಡೊಂಬಿವಲಿ ಓದುಗ

ನಮ್ಮ ಮನೆಯಲ್ಲಿ ಬಳಸುವುದು ಉಡುಪಿ ಕಡೆಯವರಂತೆ ಸೌರಮಾನ ಪಂಚಾಂಗ. ಸೌರ ತಿಂಗಳುಗಳೆಲ್ಲ ಒಂದೇ ಉದ್ದದವಲ್ಲ ಎಂಬುದು ಗೊತ್ತಿತ್ತು. ಈಚೆಗೆ ಮೊಬೈಲಿನಲ್ಲಿ ಸಂಕ್ರಮಣದ ಗಳಿಗೆಗಳನ್ನು ತೆಗೆದು ಲೆಕ್ಕ ಹಾಕಿದೆ. ಧನು ಸಂಕ್ರಮಣದಿಂದ ಮಕರ ಸಂಕ್ರಮಣಕ್ಕೆ ಸುಮಾರು 29 ದಿನ 11 ಗಂಟೆ. ಮಿಥುನದಿಂದ ಕರ್ಕಕ್ಕೆ ಸುಮಾರು 31 ದಿನ 11 ಗಂಟೆ. ಎರಡು ತಿಂಗಳಲ್ಲೂ ಸೂರ್ಯ ದಾಟುವುದು ಒಂದು ರಾಶಿಯನ್ನು, ಅಂದರೆ 30 ಡಿಗ್ರಿಯನ್ನೇ.

ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುತ್ತದೆ, 14.71 ಕೋಟಿ ಕಿ.ಮೀ. ದೂರದಲ್ಲಿ. ಜುಲೈ ಮೊದಲ ವಾರದಲ್ಲಿ ಅತಿ ದೂರ, 15.21 ಕೋಟಿ ಕಿ.ಮೀ. ಹತ್ತಿರವಿದ್ದಾಗ ಭೂಮಿಯ ವೇಗ ಸೆಕೆಂಡಿಗೆ 30.29 ಕಿ.ಮೀ., ದೂರವಿದ್ದಾಗ 29.29 ಕಿ.ಮೀ. ವೇಗದ ವ್ಯತ್ಯಾಸ ಶೇ. 3.4 ಮಾತ್ರ. ಆದರೆ ತಿಂಗಳುಗಳ ಉದ್ದದ ವ್ಯತ್ಯಾಸ ಶೇ. 6.8, ಅಂದರೆ ಎರಡರಷ್ಟು. ಇನ್ನರ್ಧ ಎಲ್ಲಿಂದ ಬಂತು?

ಜೊತೆಗೆ ಇನ್ನೊಂದು ಪ್ರಶ್ನೆ. ಗ್ರಹವನ್ನೂ ಸೂರ್ಯನನ್ನೂ ಸೇರಿಸುವ ಗೆರೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣವನ್ನು ಹಾಯುತ್ತದೆ ಎಂಬ ಕೆಪ್ಲರನ ಎರಡನೆಯ ನಿಯಮಕ್ಕೆ ಕೋನೀಯ ಸಂವೇಗದ ಸಂರಕ್ಷಣೆಯೇ ಕಾರಣ ಎಂದು ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಆ ಒಂದು ಸಾಲನ್ನು ಯಾರಾದರೂ ಬಿಡಿಸಿ ಹೇಳುವಿರಾ?

ಮುಲುಂಡ್ ಹೋಟೆಲಿನವರು

ಡಿಸೆಂಬರಿನಲ್ಲಿ ಹಗಲೇ ಚಿಕ್ಕದಲ್ಲವೇ? ಬೆಳಗಿನ ಆರೂವರೆಗೆ ಅಂಗಡಿ ತೆರೆದರೆ ಇನ್ನೂ ಕತ್ತಲು, ಸಂಜೆ ಆರಕ್ಕೆ ಮತ್ತೆ ಕತ್ತಲು. ಹಗಲು ಕಡಿಮೆಯಾದರೆ ತಿಂಗಳೂ ಕಡಿಮೆಯಾಗುವುದು ಸಹಜ ಎಂದೇ ನಾವು ತಿಳಿದದ್ದು.

ಡೊಂಬಿವಲಿ ಓದುಗ

ಹಗಲು ಕುಗ್ಗುವುದು ಭೂಮಿಯ ಅಕ್ಷ ವಾಲಿರುವುದರಿಂದ, ಅಣ್ಣ. ಆಗ ರಾತ್ರಿ ಅಷ್ಟೇ ಬೆಳೆಯುತ್ತದೆ, ಎರಡೂ ಸೇರಿದರೆ 24 ಗಂಟೆ ಹಾಗೆಯೇ ಉಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಧನುರ್ಮಾಸ ಬೇಸಿಗೆಯಲ್ಲಿ ಬರುತ್ತದೆ, ಹಗಲು ಉದ್ದ. ಅಲ್ಲಿಯೂ ಆ ತಿಂಗಳು ಇಷ್ಟೇ ಚಿಕ್ಕದು.

ಗೋರೆಗಾಂವ್ ಇಂಜಿನಿಯರ್

ಇದರಲ್ಲಿ ಗೂಢವೇನಿಲ್ಲ. ಗುರುತ್ವ ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಹತ್ತಿರ ಬಂದ ಗ್ರಹವನ್ನು ಸೂರ್ಯ ಹೆಚ್ಚು ಬಲವಾಗಿ ಎಳೆಯುತ್ತಾನೆ. ಗ್ರಹ ಸೂರ್ಯನ ಕಡೆಗೆ ಬೀಳುತ್ತಾ ವಿಭವ ಶಕ್ತಿಯನ್ನು ಕಳೆದುಕೊಂಡು ಚಲನ ಶಕ್ತಿಯನ್ನು ಗಳಿಸುತ್ತದೆ, ಆದ್ದರಿಂದ ವೇಗ ಹೆಚ್ಚುತ್ತದೆ. ದೂರದ ವರ್ಗ ಇರುವುದರಿಂದಲೇ ನಿಮ್ಮ 3.4 ಎರಡು ಪಟ್ಟಾಗಿ 6.8 ಆಗಿದೆ. ಸಮ ವಿಸ್ತೀರ್ಣ ನಿಯಮ ಎಂದರೆ ಶಕ್ತಿ ಸಂರಕ್ಷಣೆಯ ಇನ್ನೊಂದು ರೂಪ, ಅಷ್ಟೇ.

ಕೊತ್ರೂಡ್ ಮೇಷ್ಟ್ರು

ಇಂಜಿನಿಯರ್ ಅವರು ಹೇಳಿದ್ದರಲ್ಲಿ ವೇಗದ ಮಾತು ಸರಿ. ಆದರೆ ಎರಡು ಪಟ್ಟು ಬಂದದ್ದು ಗುರುತ್ವದ ವರ್ಗದಿಂದಲ್ಲ. ಮೊದಲು ಮಾಸದ ಲೆಕ್ಕವನ್ನು ನೋಡೋಣ, ಕಾರಣ ಆಮೇಲೆ.

ಪಂಚಾಂಗ ಅಳೆಯುವುದು ಭೂಮಿ ಎಷ್ಟು ಕಿಲೋಮೀಟರ್ ಹೋಯಿತು ಎಂದಲ್ಲ, ಎಷ್ಟು ಡಿಗ್ರಿ ತಿರುಗಿತು ಎಂದು. ಜನವರಿಯಲ್ಲಿ ಭೂಮಿ ಶೇ. 3.4 ಹೆಚ್ಚು ದಾರಿ ಸವೆಸುತ್ತದೆ. ಅದೇ ಹೊತ್ತಿಗೆ ಸೂರ್ಯನಿಗೆ ಶೇ. 3.4 ಹತ್ತಿರವೂ ಇರುವುದರಿಂದ, ಒಂದೇ ಉದ್ದದ ದಾರಿ ಸೂರ್ಯನಲ್ಲಿ ಶೇ. 3.4 ಹೆಚ್ಚು ಕೋನವನ್ನು ಮಾಡುತ್ತದೆ. ಎರಡೂ ಗುಣಿಸಿಕೊಳ್ಳುತ್ತವೆ: 1.034 × 1.034 = 1.069. ಜನವರಿಯ ಆರಂಭದಲ್ಲಿ ಸೂರ್ಯ ದಿನಕ್ಕೆ ಸುಮಾರು 1.019 ಡಿಗ್ರಿ ಸರಿಯುತ್ತಾನೆ, ಜುಲೈ ಆರಂಭದಲ್ಲಿ 0.953. ಒಂದು ರಾಶಿಯ 30 ಡಿಗ್ರಿಯನ್ನು ಇವುಗಳಿಂದ ಭಾಗಿಸಿದರೆ 29.4 ದಿನ ಮತ್ತು 31.5 ದಿನ ಬರುತ್ತದೆ. ಇಡೀ ತಿಂಗಳು ಭೂಮಿ ಆ ತುದಿಯಲ್ಲಿಯೇ ನಿಂತಿರುವುದಿಲ್ಲವಾದ್ದರಿಂದ ನಿಮ್ಮ ಅಂಕಿಗಳಿಗೂ ಇದಕ್ಕೂ ಒಂದೆರಡು ಗಂಟೆಯ ವ್ಯತ್ಯಾಸ ಉಳಿಯುತ್ತದೆ.

ಸೂರ್ಯನಿಂದ ಭೂಮಿಗೆ ಎಳೆದ ಗೆರೆ ಒಂದು ದಿನದಲ್ಲಿ ಹಾಯುವ ಪ್ರದೇಶ ಒಂದು ಸಪೂರ ತ್ರಿಕೋನ. ಅದರ ವಿಸ್ತೀರ್ಣ, ದೂರದ ವರ್ಗವನ್ನು ಕೋನದಿಂದ ಗುಣಿಸಿ ಅರ್ಧ ಮಾಡಿದಷ್ಟು. ದೂರದ ವರ್ಗ ಶೇ. 6.9 ಇಳಿದಾಗ ಕೋನ ಅಷ್ಟೇ ಏರಿದರೆ ವಿಸ್ತೀರ್ಣ ಬದಲಾಗದು. ನಿಮ್ಮ ಪಂಚಾಂಗದ 29 ಮತ್ತು 31 ದಿನಗಳು ಹೇಳುತ್ತಿರುವುದು ಇದನ್ನೇ.

ಈಗ ಕಾರಣ. ನ್ಯೂಟನ್ 1687ರಲ್ಲಿ ಇದನ್ನು ಬರೀ ತ್ರಿಕೋನಗಳಿಂದ ತೋರಿಸಿದ. ನಾನು ತರಗತಿಯಲ್ಲಿ ಕಲನಶಾಸ್ತ್ರಕ್ಕೆ ಮೊದಲು ಯಾವಾಗಲೂ ಇದನ್ನೇ ಹೇಳುತ್ತಿದ್ದೆ. ಒಂದು ಕಾಗದ ತೆಗೆದುಕೊಂಡು ನನ್ನ ಜೊತೆ ಗೆರೆ ಎಳೆಯಿರಿ.

ಸೂರ್ಯ S ಎಂಬ ಬಿಂದುವಿನಲ್ಲಿದ್ದಾನೆ. ಗ್ರಹ ಒಂದು ಕ್ಷಣದಲ್ಲಿ A ಯಿಂದ B ಗೆ ನೇರವಾಗಿ ಹೋಯಿತು. ಯಾವ ಬಲವೂ ಇಲ್ಲದಿದ್ದರೆ ಮುಂದಿನ ಕ್ಷಣದಲ್ಲಿ ಅದೇ ಗೆರೆಯಲ್ಲಿ ಅಷ್ಟೇ ದೂರ ಸಾಗಿ c ಎಂಬಲ್ಲಿಗೆ ಮುಟ್ಟುತ್ತದೆ. SAB ಮತ್ತು SBc ತ್ರಿಕೋನಗಳನ್ನು ನೋಡಿ. AB ಮತ್ತು Bc ಎಂಬ ಪಾದಗಳು ಸಮ, S ನಿಂದ ಆ ಗೆರೆಗೆ ಇರುವ ಎತ್ತರ ಒಂದೇ. ಆದ್ದರಿಂದ ವಿಸ್ತೀರ್ಣಗಳೂ ಸಮ. ಅಂದರೆ ಸೂರ್ಯನ ಎಳೆತವೇ ಇಲ್ಲದೆ ನೇರ ಗೆರೆಯಲ್ಲಿ ಸಾಗುವ ಕಲ್ಲು ಕೂಡ ಸಮ ಕಾಲದಲ್ಲಿ ಸಮ ವಿಸ್ತೀರ್ಣವನ್ನು ಹಾಯುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ಬಹಳ ಜನರಿಗೆ ಇದು ಹೊಸದು.

ಈಗ B ಯಲ್ಲಿ ಸೂರ್ಯ ಗ್ರಹವನ್ನು ಒಮ್ಮೆ ತನ್ನ ಕಡೆಗೆ ಜಗ್ಗಿದ ಎನ್ನಿ. ಆ ಜಗ್ಗು BS ದಿಕ್ಕಿನಲ್ಲಿದೆ. ಆದ್ದರಿಂದ ಗ್ರಹ c ಯ ಬದಲು C ಗೆ ಬರುತ್ತದೆ, ಮತ್ತು cC ಗೆರೆ BS ಗೆ ಸಮಾಂತರ. SBc, SBC ಎರಡಕ್ಕೂ SB ಒಂದೇ ಪಾದ. ಶೃಂಗ ಆ ಪಾದಕ್ಕೆ ಸಮಾಂತರವಾಗಿ ಸರಿದಿರುವುದರಿಂದ ಎತ್ತರ ಬದಲಾಗಿಲ್ಲ, ವಿಸ್ತೀರ್ಣವೂ ಬದಲಾಗಿಲ್ಲ. ಕ್ಷಣಗಳನ್ನು ಚಿಕ್ಕದು ಮಾಡುತ್ತಾ ಹೋದರೆ ಮುರಿದ ಗೆರೆಗಳು ನುಣುಪಾದ ಕಕ್ಷೆಯಾಗುತ್ತವೆ.

ಜಗ್ಗು ಎಷ್ಟು ದೊಡ್ಡದು ಎಂದು ನಾವು ಎಲ್ಲಿಯೂ ಕೇಳಲಿಲ್ಲ. ದೂರದ ವರ್ಗ, ಘನ, ಏನೂ ಬರಲಿಲ್ಲ. ಕೇಳಿದ್ದು ದಿಕ್ಕನ್ನು ಮಾತ್ರ.

ಗೋರೆಗಾಂವ್ ಇಂಜಿನಿಯರ್

ರೇಖಾಗಣಿತ ಒಪ್ಪಿದೆ. ಆದರೆ ಇದರಲ್ಲಿ ಕೋನೀಯ ಸಂವೇಗ ಎಲ್ಲಿದೆ? ಮತ್ತು ಶಕ್ತಿ ಸಂರಕ್ಷಣೆಯಿಂದಲೇ 30.29 ಮತ್ತು 29.29 ಎರಡೂ ಸರಿಯಾಗಿ ಬರುತ್ತವಲ್ಲ? ನಾನು ಲೆಕ್ಕ ಹಾಕಿ ನೋಡಿದ್ದೇನೆ.

ಕೊತ್ರೂಡ್ ಮೇಷ್ಟ್ರು

ಬರುತ್ತವೆ. ಆದರೆ ಅದಕ್ಕೆ ನೀವು ಸೂರ್ಯನ ದ್ರವ್ಯರಾಶಿಯನ್ನೂ ವಿಲೋಮ ವರ್ಗ ನಿಯಮವನ್ನೂ ಮೊದಲೇ ಕೊಡಬೇಕಾಯಿತು. ಶಕ್ತಿ ಕೊಡುವುದು ವೇಗದ ಗಾತ್ರವನ್ನು, ಅದು ದಿಕ್ಕನ್ನು ಹೇಳುವುದಿಲ್ಲ. ಸೂರ್ಯನಿಂದ ಒಂದೇ ದೂರದಲ್ಲಿ, ಒಂದೇ ದ್ರವ್ಯರಾಶಿ ಮತ್ತು ಒಂದೇ ಶಕ್ತಿಯ ಎರಡು ಕಲ್ಲುಗಳಿವೆ ಎಂದುಕೊಳ್ಳಿ. ಒಂದು ನೇರವಾಗಿ ಸೂರ್ಯನೊಳಗೆ ಬೀಳುತ್ತಿದೆ, ಇನ್ನೊಂದು ಅಡ್ಡಲಾಗಿ ಸಾಗುತ್ತಿದೆ. ಎರಡರ ವೇಗವೂ ಒಂದೇ. ಆದರೆ ಬೀಳುವ ಕಲ್ಲು ಹಾಯುವ ವಿಸ್ತೀರ್ಣ ಸೊನ್ನೆ. ಶಕ್ತಿಯೊಂದೇ ವಿಸ್ತೀರ್ಣವನ್ನು ನಿರ್ಧರಿಸುವುದಾಗಿದ್ದರೆ ಎರಡಕ್ಕೂ ಅದು ಒಂದೇ ಆಗಬೇಕಿತ್ತು.

ಕೋನೀಯ ಸಂವೇಗ ಆ ತ್ರಿಕೋನದ ವಿಸ್ತೀರ್ಣದಲ್ಲಿಯೇ ಕುಳಿತಿದೆ. ಗ್ರಹದ ವೇಗದಲ್ಲಿ ಸೂರ್ಯನ ಗೆರೆಗೆ ಲಂಬವಾಗಿರುವ ಪಾಲನ್ನು ಮಾತ್ರ ತೆಗೆದುಕೊಳ್ಳಿ. ಅದನ್ನು ದೂರದಿಂದ ಗುಣಿಸಿ ಅರ್ಧ ಮಾಡಿದರೆ ಸೆಕೆಂಡಿಗೆ ಹಾಯುವ ವಿಸ್ತೀರ್ಣ. ಅದೇ ಗುಣಲಬ್ಧವನ್ನು ಗ್ರಹದ ದ್ರವ್ಯರಾಶಿಯಿಂದ ಗುಣಿಸಿದರೆ ಕೋನೀಯ ಸಂವೇಗ. ಆದ್ದರಿಂದ

`dA/dt = L / 2m`

ಗ್ರಹದ ದ್ರವ್ಯರಾಶಿ ಬದಲಾಗದು. ಹಾಗಾಗಿ L ಸ್ಥಿರ ಎಂದರೂ ವಿಸ್ತೀರ್ಣದ ದರ ಸ್ಥಿರ ಎಂದರೂ ಒಂದೇ ಮಾತು. L ಬದಲಾಗಬೇಕಾದರೆ ಗ್ರಹವನ್ನು ಅಡ್ಡಲಾಗಿ ತಳ್ಳುವ ಟಾರ್ಕ್ ಬೇಕು. ಸೂರ್ಯನ ಎಳೆತ ಸೂರ್ಯನ ಕಡೆಗೇ ನೇರವಾಗಿರುವುದರಿಂದ ಅಡ್ಡ ತಳ್ಳುವಿಕೆ ಇಲ್ಲ, ಟಾರ್ಕ್ ಸೊನ್ನೆ.

ಇದನ್ನು ಕೈಯಾರೆ ನೋಡಬಹುದು. ಪೊಳ್ಳು ಬಿದಿರಿನ ತುಂಡಿನಲ್ಲಿ ದಾರ ಪೋಣಿಸಿ, ಮೇಲಿನ ತುದಿಗೆ ರಬ್ಬರಿನ ಚೆಂಡು ಕಟ್ಟಿ ತಿರುಗಿಸಿ, ಕೆಳಗಿನಿಂದ ದಾರವನ್ನು ಎಳೆಯಿರಿ. ದಾರ ಅರ್ಧಕ್ಕೆ ಇಳಿದಾಗ ಚೆಂಡು ಹೆಚ್ಚು ಕಡಿಮೆ ನಾಲ್ಕು ಪಟ್ಟು ಬೇಗ ಸುತ್ತುತ್ತದೆ. ಗಾಳಿ ಮತ್ತು ಬಿದಿರಿನ ಅಂಚಿನ ಘರ್ಷಣೆಯಿಂದ ಸ್ವಲ್ಪ ನಷ್ಟವಾಗುತ್ತದೆ. ನಿಮ್ಮ ಕೈ ವಿಲೋಮ ವರ್ಗ ನಿಯಮದಂತೆ ಎಳೆಯಲಿಲ್ಲ, ನಿಮ್ಮ ಮನಸ್ಸಿಗೆ ಬಂದಂತೆ ಎಳೆಯಿತು. ಆದರೂ ವರ್ಗದ ಲೆಕ್ಕ ಬಂತು, ಏಕೆಂದರೆ ಎಳೆತ ಕೇಂದ್ರದ ಕಡೆಗಿತ್ತು.

ಗೋರೆಗಾಂವ್ ಇಂಜಿನಿಯರ್

ಹಾಗಾದರೆ ವಿಲೋಮ ವರ್ಗ ನಿಯಮಕ್ಕೆ ಕೆಲಸವೇ ಇಲ್ಲ ಎನ್ನುತ್ತೀರಾ? ಇದನ್ನು ನಾನು ಒಪ್ಪಲಾರೆ.

ಕೊತ್ರೂಡ್ ಮೇಷ್ಟ್ರು

ಇದೆ. ಕಕ್ಷೆ ದೀರ್ಘವೃತ್ತವೇ ಆಗಬೇಕು, ಸೂರ್ಯ ಅದರ ನಾಭಿಯಲ್ಲೇ ಇರಬೇಕು ಎಂಬುದು ವಿಲೋಮ ವರ್ಗ ನಿಯಮದ ಕೆಲಸ. ಎಳೆತ ದೂರದೊಂದಿಗೆ ಹೆಚ್ಚುವ ಸ್ಪ್ರಿಂಗಿನಂಥದ್ದಾಗಿದ್ದರೂ ಕಕ್ಷೆ ದೀರ್ಘವೃತ್ತವೇ ಆಗುತ್ತದೆ. ಆದರೆ ಸೂರ್ಯ ಅದರ ನಡುಮಧ್ಯದಲ್ಲಿರುತ್ತಾನೆ, ಗ್ರಹ ಒಂದು ಸುತ್ತಿನಲ್ಲಿ ಎರಡು ಸಲ ಹತ್ತಿರ ಬರುತ್ತದೆ. ಆಗ ವರ್ಷದಲ್ಲಿ ಎರಡು ಚಿಕ್ಕ ತಿಂಗಳುಗಳು ಇರುತ್ತಿದ್ದವು, ಸಮ ವಿಸ್ತೀರ್ಣ ನಿಯಮ ಅಲ್ಲಿಯೂ ಕೂದಲೆಳೆ ತಪ್ಪದೆ ನಡೆಯುತ್ತಿತ್ತು.

ನ್ಯೂಟನ್ ಇದರ ವಿಲೋಮವನ್ನೂ ಸಾಧಿಸಿದ: ಒಂದು ಬಿಂದುವಿನ ಸುತ್ತ ಸಮ ವಿಸ್ತೀರ್ಣ ಕಂಡರೆ ಬಲ ಆ ಬಿಂದುವಿನ ಕಡೆಗೇ ಇದೆ. 1609ರಲ್ಲಿ ನಿಯಮವನ್ನು ಪ್ರಕಟಿಸಿದ ಕೆಪ್ಲರನಿಗೆ ಇದು ಗೊತ್ತಿರಲಿಲ್ಲ. ಗ್ರಹಗಳನ್ನು ಸೂರ್ಯ ಅವುಗಳ ದಾರಿಯುದ್ದಕ್ಕೂ ಅಡ್ಡಲಾಗಿ ತಳ್ಳುತ್ತಾನೆ ಎಂದು ಅವನು ನಂಬಿದ್ದ. ಅಂಥ ತಳ್ಳುವಿಕೆ ಇದ್ದರೆ ವಿಸ್ತೀರ್ಣ ಸಮವಾಗಿ ಉಳಿಯುವುದೇ ಇಲ್ಲ ಎಂಬುದು ಅವನ ನಿಯಮದೊಳಗೇ ಅಡಗಿತ್ತು. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಪಿಂಪ್ರಿ ವಿದ್ಯಾರ್ಥಿನಿ

ಸರ್, ಒಂದು ಸಂದೇಹ. ಸಂರಕ್ಷಣೆ ಎಂದರೆ ಎಲ್ಲಿಂದ ನೋಡಿದರೂ ಸಂರಕ್ಷಣೆಯಲ್ಲವೇ? ದೀರ್ಘವೃತ್ತಕ್ಕೆ ಎರಡು ನಾಭಿಗಳಿವೆ. ಖಾಲಿ ಇರುವ ನಾಭಿಯಿಂದ ಅಳೆದರೂ ವಿಸ್ತೀರ್ಣ ಸಮವಾಗಬೇಕಲ್ಲವೇ?

ಕೊತ್ರೂಡ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಮಗಳೇ. ಓದುಗರು ಕೊಟ್ಟ ಅಂಕಿಗಳಿಂದಲೇ ಪರೀಕ್ಷಿಸು. ಸೂರ್ಯನಿಂದ ಅಳೆದರೆ ಜನವರಿಯಲ್ಲಿ 147.1 × 30.29 = 4456, ಜುಲೈಯಲ್ಲಿ 152.1 × 29.29 = 4455. ದೂರವನ್ನು ದಶಲಕ್ಷ ಕಿಲೋಮೀಟರಿನಲ್ಲಿ ಬರೆದಿದ್ದೇನೆ. ಒಂದರ ವ್ಯತ್ಯಾಸ ಅಂಕಿಗಳನ್ನು ದುಂಡಗೆ ಮಾಡಿದ್ದರಿಂದ ಬಂದದ್ದು. ಖಾಲಿ ನಾಭಿಯಿಂದ ಅಳೆದರೆ ದೂರಗಳು ಅದಲು ಬದಲಾಗುತ್ತವೆ: ಜನವರಿಯಲ್ಲಿ 152.1 × 30.29 = 4607, ಜುಲೈಯಲ್ಲಿ 147.1 × 29.29 = 4309. ಸಮವಲ್ಲ. ಎಳೆತ ಆ ಖಾಲಿ ಬಿಂದುವಿನ ಕಡೆಗಿಲ್ಲ, ಆದ್ದರಿಂದ ಅದರ ಸುತ್ತ ಟಾರ್ಕ್ ಸೊನ್ನೆಯಲ್ಲ. ಕೋನೀಯ ಸಂವೇಗ ಸ್ಥಿರ ಎನ್ನುವಾಗ ಯಾವ ಬಿಂದುವಿನ ಸುತ್ತ ಎಂದು ಹೇಳದಿದ್ದರೆ ಮಾತು ಅಪೂರ್ಣ.

ಆದರೆ ಖಾಲಿ ನಾಭಿಯಲ್ಲಿ ಬೇರೊಂದು ಸೊಗಸಿದೆ. ಗುಣಿಸುವ ಬದಲು ಭಾಗಿಸು: 30.29 ÷ 152.1 ಮತ್ತು 29.29 ÷ 147.1, ಎರಡೂ 0.1991. ಅಲ್ಲಿಂದ ನೋಡುವವರಿಗೆ ಭೂಮಿ ಹೆಚ್ಚು ಕಡಿಮೆ ಒಂದೇ ಕೋನದ ವೇಗದಲ್ಲಿ ಸುತ್ತುತ್ತದೆ. ಟಾಲೆಮಿ ಗ್ರಹಗಳ ಚಲನೆಗೆ ಇಂಥದೇ ಒಂದು ಬಿಂದುವನ್ನು ಕಲ್ಪಿಸಿ ಲೆಕ್ಕ ಮಾಡಿದ್ದ. ತುದಿಗಳ ನಡುವೆ ಈ ಸಮತೆ ಕೊಂಚ ತಪ್ಪುತ್ತದೆ. ಭೂಮಿಯಲ್ಲಿ ಅದು ಕಾಣದಷ್ಟು ಚಿಕ್ಕದು, ಮಂಗಳನಲ್ಲಿ ಒಂದು ಡಿಗ್ರಿಯ ಎಂಟನೆಯ ಒಂದು ಭಾಗದಷ್ಟು.

ಪಿಂಪ್ರಿ ವಿದ್ಯಾರ್ಥಿನಿ

ಅರ್ಥವಾಯಿತು ಸರ್. ಭೂಮಿಯ ಕಕ್ಷೆ ಬಹುತೇಕ ವೃತ್ತವಾದ್ದರಿಂದ ನಾನು ಹೆಚ್ಚು ಚಪ್ಪಟೆಯಾದ ಕಕ್ಷೆಯೊಂದನ್ನು ಹುಡುಕಿದೆ. ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಸುತ್ತ ಸೇರಿದ ಕಕ್ಷೆಗೆ ಇಸ್ರೋ ಕೊಟ್ಟ ಅಂಕಿಗಳು: ನೆಲದಿಂದ ಅತಿ ಹತ್ತಿರ 421.7 ಕಿ.ಮೀ., ಅತಿ ದೂರ 76,993.6 ಕಿ.ಮೀ., ಒಂದು ಸುತ್ತಿಗೆ 72 ಗಂಟೆ 51 ನಿಮಿಷ 51 ಸೆಕೆಂಡ್.

ಮಂಗಳನ ತ್ರಿಜ್ಯ 3,390 ಕಿ.ಮೀ. ಸೇರಿಸಿದರೆ ಕೇಂದ್ರದಿಂದ ದೂರಗಳು 3,812 ಮತ್ತು 80,384. ಇವುಗಳ ಸರಾಸರಿ 42,098 ಉದ್ದ ಅಕ್ಷದ ಅರ್ಧ. ಇವುಗಳ ಗುಣಲಬ್ಧದ ವರ್ಗಮೂಲ 17,505 ಗಿಡ್ಡ ಅಕ್ಷದ ಅರ್ಧ. ಎರಡನ್ನೂ ಪೈಯಿಂದ ಗುಣಿಸಿದರೆ ಇಡೀ ಕಕ್ಷೆಯ ವಿಸ್ತೀರ್ಣ ಸುಮಾರು 231.5 ಕೋಟಿ ಚದರ ಕಿ.ಮೀ. ಒಂದು ಸುತ್ತಿನ ಕಾಲ 2,62,311 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 8,826 ಚದರ ಕಿ.ಮೀ. ನಿಯಮ ನಿಜವಾದರೆ ಈ ದರ ಕಕ್ಷೆಯ ಎಲ್ಲೆಡೆಯೂ ಇಷ್ಟೇ.

ಇದರ ಎರಡರಷ್ಟು 17,652. ಅದನ್ನು ದೂರದಿಂದ ಭಾಗಿಸಿದೆ. ಅತಿ ಹತ್ತಿರದಲ್ಲಿ ವೇಗ ಸೆಕೆಂಡಿಗೆ 4.63 ಕಿ.ಮೀ. ಬಂತು. ಅತಿ ದೂರದಲ್ಲಿ ಕೇವಲ 0.22 ಕಿ.ಮೀ., ಅಂದರೆ ಗಂಟೆಗೆ 790 ಕಿ.ಮೀ. ಮುಂಬೈಯಿಂದ ದೆಹಲಿಗೆ ಹಾರುವ ವಿಮಾನವೂ ಹೆಚ್ಚು ಕಡಿಮೆ ಇಷ್ಟೇ ವೇಗದಲ್ಲಿ ಹೋಗುತ್ತದೆ! ಮಂಗಳನ ದ್ರವ್ಯರಾಶಿಯನ್ನು ನಾನು ಎಲ್ಲಿಯೂ ಬಳಸಲಿಲ್ಲ. ಮಂಗಳನಿಂದ 42,098 ಕಿ.ಮೀ. ದೂರದಲ್ಲಿದ್ದಾಗ ಇದೇ ರೀತಿ ವೇಗ 0.42 ಕಿ.ಮೀ. ಬಂತು. ಇದು ಸರಿಯೇ?

ಗೋರೆಗಾಂವ್ ಇಂಜಿನಿಯರ್

ಎರಡು ತುದಿಗಳ ವೇಗ ಸರಿ. ಮಂಗಳನ ದ್ರವ್ಯರಾಶಿ ಹಾಕಿ ಶಕ್ತಿಯ ಸಮೀಕರಣದಿಂದ ನನಗೂ 4.63 ಮತ್ತು 0.22 ಬಂದವು. ಆದರೆ 42,098 ಕಿ.ಮೀ. ದೂರದಲ್ಲಿ ವೇಗ 1.01 ಬರುತ್ತದೆ, 0.42 ಅಲ್ಲ. ಶಕ್ತಿಯ ಲೆಕ್ಕವಿಲ್ಲದೆ ನಡೆಯದು ಎಂದು ನಾನು ಮೊದಲೇ ಹೇಳಿದೆ.

ಕೊತ್ರೂಡ್ ಮೇಷ್ಟ್ರು

ಇಬ್ಬರ ಅಂಕಿಗಳೂ ಸರಿ, ಅವು ಬೇರೆ ಬೇರೆ ವಸ್ತುಗಳ ಅಂಕಿಗಳು. 0.42 ಎಂಬುದು ಗೆರೆಗೆ ಲಂಬವಾದ ಪಾಲು ಮಾತ್ರ. ಎರಡು ತುದಿಗಳಲ್ಲಿ ನೌಕೆ ಪೂರ್ತಿ ಅಡ್ಡಲಾಗಿ ಸಾಗುವುದರಿಂದ ಆ ಪಾಲೇ ಇಡೀ ವೇಗ. ನಡುದಾರಿಯಲ್ಲಿ ಅದು ಮಂಗಳನಿಂದ ದೂರಕ್ಕೋ ಹತ್ತಿರಕ್ಕೋ ಜೋರಾಗಿ ಸಾಗುತ್ತಿರುತ್ತದೆ, ಆ ಪಾಲು ಯಾವ ವಿಸ್ತೀರ್ಣವನ್ನೂ ಹಾಯುವುದಿಲ್ಲ. ದೂರವನ್ನು ಇಡೀ ವೇಗದಿಂದ ಗುಣಿಸಿದರೆ ಎಲ್ಲೆಡೆ ಒಂದೇ ಬರುತ್ತದೆ ಎಂಬ ತಪ್ಪು ಪರೀಕ್ಷೆಯ ಉತ್ತರಗಳಲ್ಲಿ ವರ್ಷ ವರ್ಷವೂ ಸಿಗುತ್ತಿತ್ತು. ಭೂಮಿಯ ಕಕ್ಷೆಯಲ್ಲಿ ಈ ತಪ್ಪು ನಾಲ್ಕನೆಯ ದಶಮಾಂಶದಲ್ಲಿ ಅಡಗಿಕೊಳ್ಳುತ್ತದೆ, ಮಂಗಳಯಾನದಲ್ಲಿ ಎರಡೂವರೆ ಪಟ್ಟಿನಷ್ಟು ಎದ್ದು ಕಾಣುತ್ತದೆ.

ಇಡೀ ವೇಗವನ್ನು ಪಡೆಯಲು ಅಲ್ಲಿಯೂ ದ್ರವ್ಯರಾಶಿ ಬೇಕಿಲ್ಲ. ದೂರ 42,098 ಆಗುವುದು ಗಿಡ್ಡ ಅಕ್ಷದ ತುದಿಯಲ್ಲಿ. ಅಲ್ಲಿ ನೌಕೆಯ ದಾರಿ ಉದ್ದ ಅಕ್ಷಕ್ಕೆ ಸಮಾಂತರ, ಆದ್ದರಿಂದ ಮಂಗಳನಿಂದ ಆ ದಾರಿಯ ಗೆರೆಗೆ ಇರುವ ಲಂಬ ದೂರ 17,505. 17,652 ÷ 17,505 = 1.008. ಇಂಜಿನಿಯರ್ ಅವರ ಉತ್ತರವೇ ವಿಸ್ತೀರ್ಣದಿಂದಲೂ ಬಂತು.

ಗೋರೆಗಾಂವ್ ಇಂಜಿನಿಯರ್

ಇದು ಚೆನ್ನಾಗಿದೆ. ಆದರೂ ಒಂದು ಮಾತು. ಸುತ್ತಿನ ಕಾಲವನ್ನು ಮೊದಲೇ ಕೊಟ್ಟಿದ್ದರಿಂದ ದ್ರವ್ಯರಾಶಿ ಬೇಕಾಗಲಿಲ್ಲ. ಆ ಕಾಲದೊಳಗೆ ಮಂಗಳನ ದ್ರವ್ಯರಾಶಿ ಅಡಗಿದೆಯಲ್ಲ?

ಕೊತ್ರೂಡ್ ಮೇಷ್ಟ್ರು

ಖಂಡಿತ. ಅಲ್ಲಿಂದ ಅದನ್ನು ಹೊರತೆಗೆಯಲು ವಿಲೋಮ ವರ್ಗ ನಿಯಮ ಬೇಕು. ಅದು ಮೂರನೆಯ ನಿಯಮದ ಕ್ಷೇತ್ರ.

ವಾಸ್ಕೋ ನಾವಿಕ

ನಾನು ಕಾರವಾರದವನು, ಹಡಗಿನಲ್ಲಿ ನೌಕಾಯಾನದ ಅಧಿಕಾರಿಯಾಗಿದ್ದೆ, ಈಗ ವಾಸ್ಕೋದಲ್ಲಿ ನಿವೃತ್ತ. ಸೂರ್ಯನನ್ನು ಸೆಕ್ಸ್‌ಟಂಟಿನಲ್ಲಿ ಹಿಡಿದು ಸ್ಥಾನ ಕಂಡುಕೊಳ್ಳುವುದು ನಮಗೆ ನಿತ್ಯದ ಕೆಲಸ. ಸೂರ್ಯನ ಕೋಷ್ಟಕ ಶಿಸ್ತಿನದು, ಚಂದ್ರನದು ಮಾತ್ರ ಎಂದೂ ಒಂದು ಹದಕ್ಕೆ ಬರುತ್ತಿರಲಿಲ್ಲ. ಚಂದ್ರನೂ ಭೂಮಿಯ ಸುತ್ತ ದೀರ್ಘವೃತ್ತದಲ್ಲಿ ಸುತ್ತುತ್ತಾನಲ್ಲ, ಅವನಿಗೆ ಈ ಸಮ ವಿಸ್ತೀರ್ಣದ ನಿಯಮ ಅನ್ವಯಿಸುವುದಿಲ್ಲವೇ?

ಕೊತ್ರೂಡ್ ಮೇಷ್ಟ್ರು

ಪೂರ್ತಿಯಾಗಿ ಅನ್ವಯಿಸುವುದಿಲ್ಲ ಸರ್, ಮತ್ತು ಏಕೆ ಎಂಬುದಕ್ಕೆ ಮೇಲಿನ ತ್ರಿಕೋನವೇ ಉತ್ತರ. ಚಂದ್ರನನ್ನು ಭೂಮಿಯೊಂದೇ ಅಲ್ಲ, ಸೂರ್ಯನೂ ಎಳೆಯುತ್ತಾನೆ. ಸೂರ್ಯ ಭೂಮಿಯನ್ನೂ ಎಳೆಯುವುದರಿಂದ ಬಹುಪಾಲು ಕಳೆದುಹೋಗುತ್ತದೆ, ಉಳಿಯುವುದು ಎರಡು ಎಳೆತಗಳ ವ್ಯತ್ಯಾಸ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅರ್ಧಚಂದ್ರನ ದಿನಗಳಲ್ಲಿ ಆ ವ್ಯತ್ಯಾಸ ಭೂಮಿ–ಚಂದ್ರರ ಗೆರೆಯ ಮೇಲೆಯೇ ಬೀಳುತ್ತದೆ. ನಡುವಿನ ದಿನಗಳಲ್ಲಿ ಓರೆಯಾಗಿರುತ್ತದೆ. ಓರೆ ಎಂದರೆ ಟಾರ್ಕ್. ಹಾಗಾಗಿ ಚಂದ್ರ ಹಾಯುವ ವಿಸ್ತೀರ್ಣದ ದರ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅತಿ ಹೆಚ್ಚು, ಅರ್ಧಚಂದ್ರನಲ್ಲಿ ಅತಿ ಕಡಿಮೆ, ನಡುವೆ ಸುಮಾರು ಶೇ. 1ರ ಅಂತರ. ಇದರಿಂದ ಆಕಾಶದಲ್ಲಿ ಚಂದ್ರ ಹಿಂದೆ ಮುಂದೆ ಆಗುವುದು ಒಂದು ಡಿಗ್ರಿಯ ಮೂರನೆಯ ಎರಡು ಭಾಗದವರೆಗೆ. ಟೈಕೋ ಬ್ರಾಹೆ ದೂರದರ್ಶಕವಿಲ್ಲದ ಕಾಲದಲ್ಲಿಯೇ ಇದನ್ನು ಗುರುತಿಸಿದ್ದ. ನಿಮ್ಮ ಕೋಷ್ಟಕವನ್ನು ಕಾಡುತ್ತಿದ್ದ ಏರುಪೇರುಗಳಲ್ಲಿ ಇದೂ ಒಂದು.

ಚಂದ್ರ ಕಳೆದುಕೊಂಡ ಕೋನೀಯ ಸಂವೇಗ ನಾಶವಾಗುವುದಿಲ್ಲ. ಭೂಮಿ–ಚಂದ್ರ ಜೋಡಿ ಸೂರ್ಯನನ್ನು ಸುತ್ತುವ ಚಲನೆಗೆ ಅದು ಸೇರುತ್ತದೆ. ಒಟ್ಟು ಮೊತ್ತ ಹಾಗೆಯೇ ಉಳಿಯುತ್ತದೆ, ಒಬ್ಬೊಬ್ಬರ ಪಾಲು ಉಳಿಯುವುದಿಲ್ಲ.

ಡೊಂಬಿವಲಿ ಓದುಗ

ಹಾಗಾದರೆ ನನ್ನ ಸಂಕ್ರಮಣಗಳ ಮೇಲೂ ಚಂದ್ರನ ಕೈ ಇರಬೇಕಲ್ಲವೇ ಮೇಷ್ಟ್ರೇ?

ಕೊತ್ರೂಡ್ ಮೇಷ್ಟ್ರು

ಇದೆ. ಸೂರ್ಯನ ಸುತ್ತ ನಯವಾಗಿ ವಿಸ್ತೀರ್ಣ ಹಾಯುವುದು ಭೂಮಿ ಮತ್ತು ಚಂದ್ರರ ಸಾಮಾನ್ಯ ದ್ರವ್ಯಕೇಂದ್ರ. ಭೂಮಿ ಆ ಕೇಂದ್ರದ ಸುತ್ತ ಸುಮಾರು 4,670 ಕಿ.ಮೀ. ತ್ರಿಜ್ಯದ ಚಿಕ್ಕ ಸುತ್ತು ಹಾಕುತ್ತದೆ. ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಅಷ್ಟು ದೂರಕ್ಕೆ ಎರಡೂವರೆ ನಿಮಿಷ. ಅರ್ಧಚಂದ್ರನ ದಿನ ಸಂಕ್ರಮಣ ಬಂದರೆ ಅದು ಎರಡೂವರೆ ನಿಮಿಷ ಮೊದಲೋ ಆಮೇಲೋ ಆಗಬಹುದು. ಅಮಾವಾಸ್ಯೆ ಹುಣ್ಣಿಮೆಯಂದು ಬಂದರೆ ಈ ಕಾರಣದಿಂದ ಬದಲಾವಣೆ ಇಲ್ಲ.

ಮುಲುಂಡ್ ಹೋಟೆಲಿನವರು

ನೀವೆಲ್ಲ ನಿಮಿಷದ ಮಾತನಾಡುತ್ತಿದ್ದೀರಿ. ನಮ್ಮ ಗಲ್ಲಾದ ಹತ್ತಿರ ತೂಗುಹಾಕಿರುವುದು ಊರಿನಿಂದ ತರಿಸಿದ ಹಳೆಯ ಕ್ರಮದ ಪಂಚಾಂಗ. ಅದರಲ್ಲಿ ಮಿಥುನ ಮಾಸ ಓದುಗರು ಹೇಳಿದ್ದಕ್ಕಿಂತ ಗಂಟೆಗಳಷ್ಟೇ ಉದ್ದವಿದೆ, ಧನು ಗಂಟೆಗಳಷ್ಟೇ ಗಿಡ್ಡವಿದೆ. ಯಾವುದನ್ನು ನಂಬುವುದು?

ಕೊತ್ರೂಡ್ ಮೇಷ್ಟ್ರು

ನಿಮ್ಮದು ಸೂರ್ಯಸಿದ್ಧಾಂತದ ಕ್ರಮದ್ದಾಗಿದ್ದರೆ ಹಾಗೆಯೇ ಇರಬೇಕು. ಸೂರ್ಯನ ಸರಾಸರಿ ಸ್ಥಾನಕ್ಕೆ ಮಂದಫಲ ಎಂಬ ತಿದ್ದುಪಡಿಯನ್ನು ಸೇರಿಸಿ ನಿಜ ಸ್ಥಾನ ಪಡೆಯುತ್ತಾರೆ. ದೀರ್ಘವೃತ್ತದ ಮಾತಿಲ್ಲದೆಯೇ ಇದೇ ಏರಿಳಿತವನ್ನು ಹಿಡಿಯುವ ಉಪಾಯ ಅದು. ಸೂರ್ಯಸಿದ್ಧಾಂತದಲ್ಲಿ ಆ ತಿದ್ದುಪಡಿಯ ಗರಿಷ್ಠ ಬೆಲೆ ಸುಮಾರು 2 ಡಿಗ್ರಿ 10 ಕಲೆ. ಇಂದಿನ ವೀಕ್ಷಣೆಯಲ್ಲಿ ಅದು ಸುಮಾರು 1 ಡಿಗ್ರಿ 55 ಕಲೆ. ತಿದ್ದುಪಡಿ ದೊಡ್ಡದಾದಷ್ಟೂ ಚಿಕ್ಕ ತಿಂಗಳು ಇನ್ನೂ ಚಿಕ್ಕದು, ದೊಡ್ಡ ತಿಂಗಳು ಇನ್ನೂ ದೊಡ್ಡದು. ಆಕಾಶದ ಸೂರ್ಯ ಓದುಗರ ಅಂಕಿಗಳ ಕಡೆಗಿದ್ದಾನೆ. ಪೂಜೆಗೆ ಯಾವುದನ್ನು ಹಿಡಿಯಬೇಕು ಎಂಬುದು ನಿಮ್ಮ ಮನೆತನದ ತೀರ್ಮಾನ.

ಗೋರೆಗಾಂವ್ ಇಂಜಿನಿಯರ್

ಭೂಮಿಯ ಕಕ್ಷೆಯ ಚಪ್ಪಟೆತನವೇ ನಿಧಾನವಾಗಿ ಕಡಿಮೆಯಾಗುತ್ತಿದೆ. ಸಿದ್ಧಾಂತ ರಚಿತವಾದ ಕಾಲದಲ್ಲಿ 2 ಡಿಗ್ರಿ 10 ಕಲೆ ಸರಿಯಾಗಿಯೇ ಇದ್ದಿರಬಹುದು.

ಕೊತ್ರೂಡ್ ಮೇಷ್ಟ್ರು

ಕಡಿಮೆಯಾಗುತ್ತಿರುವುದು ನಿಜ, ಗುರು ಮೊದಲಾದ ಗ್ರಹಗಳು ಭೂಮಿಯೊಂದಿಗೆ ಕೋನೀಯ ಸಂವೇಗವನ್ನು ಕೊಟ್ಟು ತೆಗೆದುಕೊಳ್ಳುವುದೇ ಅದಕ್ಕೆ ಒಂದು ಕಾರಣ. ಆದರೆ ಒಂದೂವರೆ ಸಾವಿರ ವರ್ಷಗಳಲ್ಲಿ ಆ ಇಳಿಕೆ ಕೆಲವೇ ಕಲೆಗಳಷ್ಟು. ಹದಿನೈದು ಕಲೆಯ ಅಂತರ ಅದರಿಂದ ತುಂಬುವುದಿಲ್ಲ. ಉಳಿದದ್ದು ಎಲ್ಲಿಂದ ಬಂತು ಎಂಬುದಕ್ಕೆ ಗ್ರಹಣಗಳನ್ನು ನೋಡಿ ಹೊಂದಿಸಿಕೊಂಡ ಬೆಲೆ ಅದು ಎಂಬ ವಾದವನ್ನು ಕೇಳಿದ್ದೇನೆ. ನನಗೆ ಅದು ಸಂಭವನೀಯ ಎನಿಸುತ್ತದೆ, ಪೂರ್ತಿ ಮನವರಿಕೆಯಾಗಿಲ್ಲ.

ಗೋರೆಗಾಂವ್ ಇಂಜಿನಿಯರ್

ನನಗಂತೂ ಕಕ್ಷೆಯ ಬದಲಾವಣೆಯೇ ಹೆಚ್ಚು ಸಹಜ ಕಾರಣವೆನಿಸುತ್ತದೆ. ಲೆಕ್ಕ ಮಾಡಿ ಹಾಕುತ್ತೇನೆ.

ಪಿಂಪ್ರಿ ವಿದ್ಯಾರ್ಥಿನಿ

ಓದುಗರೇ, ನಿಮ್ಮ ಬಳಿ ಐದಾರು ವರ್ಷಗಳ ಧನು ಮತ್ತು ಮಕರ ಸಂಕ್ರಮಣದ ಗಳಿಗೆಗಳು ನಿಮಿಷದವರೆಗೆ ಇದ್ದರೆ ಇಲ್ಲಿ ಹಾಕುವಿರಾ? ಪ್ರತಿಯೊಂದರ ಪಕ್ಕದಲ್ಲಿ ಆ ದಿನದ ತಿಥಿಯೂ ಇರಲಿ. ಅಷ್ಟಮಿಯ ಹತ್ತಿರ ಬಿದ್ದ ಸಂಕ್ರಮಣಗಳಲ್ಲಿ ಚಂದ್ರನ ಎರಡೂವರೆ ನಿಮಿಷ ಸಿಗುತ್ತದೆಯೇ ಎಂದು ಹುಡುಕುತ್ತೇನೆ.

ಡೊಂಬಿವಲಿ ಓದುಗ

ನಿಮಿಷದವರೆಗೆ ಇವೆ, ಭಾನುವಾರ ಹಾಕುತ್ತೇನೆ. ಶುಕ್ಲ ಅಷ್ಟಮಿಗೂ ಕೃಷ್ಣ ಅಷ್ಟಮಿಗೂ ಚಿಹ್ನೆ ತಿರುಗುತ್ತದೆಯಲ್ಲವೇ? ಹಾಗಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಬರೆದು ಕೊಡುತ್ತೇನೆ.